ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆ: ಹಳೆಯ ಕೀಮೋಥೆರಪಿಯೂ ಕಾರಣವಿರಬಹುದು

ಶಿಕಾರಿಪುರ, ಸೊರಬದಂತಹ ತಾಲೂಕುಗಳಲ್ಲಿ ಮಹಿಳೆಯೊಬ್ಬರು ಸುಸ್ತು ಎಂದು ಆಸ್ಪತ್ರೆಗೆ ಬಂದರೆ ವೈದ್ಯರಿಗೆ ಮೊದಲು ಹೊಳೆಯುವುದು ಕಬ್ಬಿಣದ ಅಂಶದ ಕೊರತೆ. ಜ್ವರದೊಂದಿಗೆ ಪ್ಲೇಟ್‌ಲೆಟ್ ಸಂಖ್ಯೆ ಕುಸಿದಿದ್ದರೆ ಡೆಂಗಿ ಅಥವಾ ಮಂಗನ ಕಾಯಿಲೆಯ ಶಂಕೆ ಮೂಡುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಈ ಊಹೆ ಸರಿಯಾಗಿಯೇ ಇರುತ್ತದೆ. ಆದರೆ ಆ ರೋಗಿ ಐದಾರು ವರ್ಷಗಳ ಹಿಂದೆ ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಗುಣಮುಖರಾದವರಾಗಿದ್ದರೆ ಇನ್ನೊಂದು ಸಾಧ್ಯತೆಯನ್ನೂ ಪರಿಶೀಲಿಸಬೇಕಾಗುತ್ತದೆ. ಅದು ಹಿಂದಿನ ಕೀಮೋಥೆರಪಿ ಅಥವಾ ವಿಕಿರಣ ಚಿಕಿತ್ಸೆ ತಡವಾಗಿ ತೋರುವ ದುಷ್ಪರಿಣಾಮ. ಮಯಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ (ಸಂಕ್ಷಿಪ್ತವಾಗಿ ಎಂಡಿಎಸ್) ಮತ್ತು ಅದರ ಮುಂದಿನ ಹಂತವಾದ ರಕ್ತದ ಕ್ಯಾನ್ಸರ್ ಈ ಬಗೆಯವು.

ಮೊದಲೇ ಹೇಳಬೇಕಾದ ಮಾತೊಂದಿದೆ. ಇದು ವಿರಳ ಕಾಯಿಲೆ. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯ ಪ್ರಮಾಣದ ಕೀಮೋಥೆರಪಿ ಪಡೆದ 1000 ಮಹಿಳೆಯರಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ ಸುಮಾರು ಐವರಿಗೆ ಇದು ಬರಬಹುದು. ಕೀಮೋಥೆರಪಿಯಿಂದ ಬದುಕುಳಿಯುವವರ ಸಂಖ್ಯೆ ಇದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಈ ಭಯದಿಂದ ಯಾರೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ಆದರೆ ಆ ಐವರಲ್ಲಿ ಒಬ್ಬರಾದವರಿಗೆ ರೋಗ ಬೇಗ ಪತ್ತೆಯಾಗುವುದಕ್ಕೂ ತಿಂಗಳುಗಟ್ಟಲೆ ತಡವಾಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಮಜ್ಜೆಗೆ ಆಗುವ ಗಾಯ

ವಯಸ್ಕರಲ್ಲಿ ರಕ್ತ ತಯಾರಾಗುವುದು ಮುಖ್ಯವಾಗಿ ಸೊಂಟದ ಮೂಳೆ, ಬೆನ್ನೆಲುಬು ಮತ್ತು ಎದೆಮೂಳೆಯ ಒಳಗಿನ ಅಸ್ಥಿಮಜ್ಜೆಯಲ್ಲಿ. ಅಲ್ಲಿನ ಆಕರಕೋಶಗಳು ಜೀವನಪರ್ಯಂತ ವಿಭಜನೆಗೊಳ್ಳುತ್ತಾ ಕೆಂಪು ಕಣ, ಬಿಳಿ ಕಣ ಮತ್ತು ಪ್ಲೇಟ್‌ಲೆಟ್‌ಗಳನ್ನು ಒದಗಿಸುತ್ತವೆ. ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಮುರಿಯುವ ಔಷಧ ಈ ಆಕರಕೋಶಗಳನ್ನೂ ತಾಕುತ್ತದೆ. ಹೆಚ್ಚಿನವು ದುರಸ್ತಿಯಾಗುತ್ತವೆ ಅಥವಾ ಸಾಯುತ್ತವೆ. ಎಲ್ಲೋ ಒಂದು ಕೋಶ ಸಾಯದೆ, ಸರಿಯಾಗಿ ದುರಸ್ತಿಯೂ ಆಗದೆ ಉಳಿದುಕೊಳ್ಳುತ್ತದೆ. ಇನ್ನು ಕೆಲವರಲ್ಲಿ, ಚಿಕಿತ್ಸೆಗೂ ಮೊದಲೇ ವಯೋಸಹಜವಾಗಿ ದೋಷಪೂರಿತವಾಗಿದ್ದ ಕೆಲವೇ ಕೋಶಗಳು ಔಷಧದ ಹೊಡೆತವನ್ನು ತಾಳಿಕೊಂಡು, ಆರೋಗ್ಯವಂತ ಕೋಶಗಳು ಸೋತ ಜಾಗದಲ್ಲಿ ಬೆಳೆಯುತ್ತವೆ. ಗದ್ದೆಗೆ ಕಳೆನಾಶಕ ಸಿಂಪಡಿಸಿದಾಗ ಅದಕ್ಕೆ ಬಗ್ಗದ ಒಂದು ಕಳೆ ಮಾತ್ರ ಉಳಿದು ಹಬ್ಬಿದಂತೆ ಇದು. ಟಿಪಿ53 ಎಂಬ ವಂಶವಾಹಿಯಲ್ಲಿ ದೋಷವಿರುವ ಕೋಶಗಳು ಹೀಗೆ ಮುಂದೆ ಬರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಯಾವ ಔಷಧ ಎಂಬುದರ ಮೇಲೆ ಕಾಯಿಲೆಯ ಸ್ವರೂಪವೂ ನಿರ್ಧಾರವಾಗುತ್ತದೆ. ಸೈಕ್ಲೋಫಾಸ್ಫಮೈಡ್, ಮೆಲ್ಫಲಾನ್‌ನಂತಹ ಔಷಧಗಳು ಹಾಗೂ ವಿಕಿರಣ ಕಾರಣವಾದಾಗ ರೋಗ ಸಾಮಾನ್ಯವಾಗಿ ಐದರಿಂದ ಏಳು ವರ್ಷಗಳ ನಂತರ ತಲೆದೋರುತ್ತದೆ. ಮೊದಲು ಎಂಡಿಎಸ್ ಹಂತ ಬರುತ್ತದೆ. ಅಂದರೆ ಮಜ್ಜೆ ದುಡಿಯುತ್ತಿದ್ದರೂ ಅದು ತಯಾರಿಸುವ ಕೋಶಗಳು ವಿಕಾರವಾಗಿದ್ದು ರಕ್ತಕ್ಕೆ ಬರುವ ಮೊದಲೇ ಸಾಯುತ್ತವೆ. ಇಂತಹವರಲ್ಲಿ 5 ಅಥವಾ 7ನೇ ವರ್ಣತಂತುವಿನ ಭಾಗ ಅಥವಾ ಇಡೀ ತಂತು ನಷ್ಟವಾಗಿರುವುದು ಸಾಮಾನ್ಯ. ಎಟೊಪೊಸೈಡ್, ಡಾಕ್ಸೊರೂಬಿಸಿನ್‌ನಂತಹ ಔಷಧಗಳು ಕಾರಣವಾದಾಗ ಒಂದರಿಂದ ಮೂರು ವರ್ಷಗಳಲ್ಲೇ, ಎಂಡಿಎಸ್ ಹಂತವಿಲ್ಲದೆ, ನೇರವಾಗಿ ಲ್ಯುಕೇಮಿಯಾ ಕಾಣಿಸಿಕೊಳ್ಳಬಹುದು. ಈ ಎರಡನೆಯ ಗುಂಪಿನ ಒಂದು ಬಗೆ, ಪ್ರೊಮಯಲೋಸೈಟಿಕ್ ಲ್ಯುಕೇಮಿಯಾ, ಸಮಯಕ್ಕೆ ಪತ್ತೆಯಾದರೆ ಚೆನ್ನಾಗಿ ಗುಣವಾಗುತ್ತದೆ.

ಅಮೆರಿಕದ ಟಿವಿ ನಿರೂಪಕಿ ರಾಬಿನ್ ರಾಬರ್ಟ್ಸ್ 2007ರಲ್ಲಿ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದರು. ಐದು ವರ್ಷಗಳ ನಂತರ, 2012ರಲ್ಲಿ ಎಂಡಿಎಸ್ ಇರುವುದಾಗಿ ಪ್ರಕಟಿಸಿದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸಹೋದರಿ ನೀಡಿದ ಮಜ್ಜೆಯ ಕಸಿಯಾಗಿ 2013ರ ಫೆಬ್ರವರಿಯಲ್ಲಿ ಕೆಲಸಕ್ಕೆ ಮರಳಿದರು. ಎರಡು ಬಾರಿ ಕ್ಯಾನ್ಸರ್ ಗೆದ್ದಿದ್ದ ಲೇಖಕಿ ಸೂಸನ್ ಸಾಂಟ್ಯಾಗ್ ಅವರಿಗೂ 2004ರಲ್ಲಿ ಎಂಡಿಎಸ್ ಬಂದು, ಕಸಿಯ ನಂತರವೂ ಅದೇ ವರ್ಷದ ಡಿಸೆಂಬರ್‌ನಲ್ಲಿ ನಿಧನರಾದರು. ಚಿಕಿತ್ಸೆಯ ಫಲ ಎಷ್ಟು ಭಿನ್ನವಾಗಿರಬಲ್ಲದು ಎಂಬುದಕ್ಕೆ ಇವೆರಡೂ ನಿದರ್ಶನ.

ಒಂದು ರಕ್ತ ವರದಿಯನ್ನು ಓದೋಣ

ಈಗ ವಿಷಯವನ್ನು ನಮ್ಮ ಊರಿಗೆ ತರೋಣ. ಉದಾಹರಣೆಗೆಂದು ಸೊರಬ ತಾಲೂಕಿನ 52 ವರ್ಷದ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಿ. ಆರು ವರ್ಷಗಳ ಹಿಂದೆ ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಡಾಕ್ಸೊರೂಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್ ಇದ್ದ ನಾಲ್ಕು ಸುತ್ತಿನ ಕೀಮೋಥೆರಪಿ, ಬಳಿಕ ವಿಕಿರಣ ಚಿಕಿತ್ಸೆ ಆಗಿದೆ. ಈಗ ಮೂರು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 9.2 ಇದೆಯೆಂದು ಕಬ್ಬಿಣದ ಮಾತ್ರೆ ಕೊಡಲಾಗಿದೆ. ಎರಡು ತಿಂಗಳ ನಂತರವೂ ಅದು 9ರ ಆಸುಪಾಸಿನಲ್ಲೇ ನಿಂತಿದೆ.

ತಾಲೂಕು ಮಟ್ಟದ ಪ್ರಯೋಗಾಲಯದಲ್ಲೂ ದೊರೆಯುವ ಸಾಮಾನ್ಯ ರಕ್ತ ಪರೀಕ್ಷೆಯ ಅದೇ ಚೀಟಿಯಲ್ಲಿ ಉತ್ತರದ ಎಳೆ ಅಡಗಿರುತ್ತದೆ. ಎಂಸಿವಿ ಎಂಬ ಅಂಕಿ ಕೆಂಪು ಕಣದ ಗಾತ್ರವನ್ನು ಹೇಳುತ್ತದೆ. ಸಾಮಾನ್ಯ ಮಟ್ಟ 80ರಿಂದ 100. ಕಬ್ಬಿಣದ ಕೊರತೆಯಲ್ಲಿ ಕಣ ಸಣ್ಣದಾಗಿ ಈ ಅಂಕಿ 80ಕ್ಕಿಂತ ಕೆಳಗಿಳಿಯುತ್ತದೆ. ನಮ್ಮ ಉದಾಹರಣೆಯ ಮಹಿಳೆಯಲ್ಲಿ ಅದು 104. ಅಂದರೆ ಕಣ ದೊಡ್ಡದಾಗಿದೆ. ಕಬ್ಬಿಣದ ಮಾತ್ರೆ ಏಕೆ ನಾಟಲಿಲ್ಲ ಎಂಬುದು ಇಲ್ಲಿಯೇ ತಿಳಿಯುತ್ತದೆ. ಅದೇ ಚೀಟಿಯಲ್ಲಿ ಬಿಳಿ ಕಣ 3,200, ಪ್ಲೇಟ್‌ಲೆಟ್ 88,000 ಎಂದಿದೆ. ಪ್ಲೇಟ್‌ಲೆಟ್ ಕನಿಷ್ಠ ಒಂದೂವರೆ ಲಕ್ಷ ಇರಬೇಕಿತ್ತು. ಮೂರೂ ಬಗೆಯ ಕಣಗಳು ಒಟ್ಟಿಗೆ ಕಡಿಮೆಯಾಗಿವೆಯೆಂದರೆ ತೊಂದರೆ ಊಟದಲ್ಲಲ್ಲ, ರಕ್ತ ತಯಾರಾಗುವ ಜಾಗದಲ್ಲೇ ಇರಬಹುದೆಂಬ ಅನುಮಾನ ಬರಬೇಕು.

ಆದರೂ ತಕ್ಷಣ ತೀರ್ಮಾನಕ್ಕೆ ಬರುವಂತಿಲ್ಲ. ಬಿ12 ಜೀವಸತ್ವದ ಕೊರತೆಯಲ್ಲೂ ಕೆಂಪು ಕಣ ದೊಡ್ಡದಾಗಿ ಮೂರೂ ಕಣಗಳು ಇಳಿಯುತ್ತವೆ. ಸಸ್ಯಾಹಾರಿ ಕುಟುಂಬಗಳಲ್ಲಿ ಇದು ಅಪರೂಪವಲ್ಲ. ಅದನ್ನು ಮೊದಲು ಪರೀಕ್ಷಿಸಬೇಕು. ಇನ್ನು ಮಂಗನ ಕಾಯಿಲೆಯ ವಿಚಾರ. 1957ರಲ್ಲಿ ಇದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟು ಆ ಕಾಡಿನ ಹೆಸರನ್ನೇ ಪಡೆದ ಈ ಜ್ವರದಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಕುಸಿಯುತ್ತವೆ. ಆದರೆ ಅಲ್ಲಿ ತೀವ್ರ ಜ್ವರ, ತಲೆನೋವು, ಮೈಕೈ ನೋವು ಇದ್ದೇ ಇರುತ್ತದೆ. ರೋಗಿ ಚೇತರಿಸಿಕೊಂಡಂತೆ ಕೆಲವು ವಾರಗಳಲ್ಲಿ ಕಣಗಳ ಸಂಖ್ಯೆಯೂ ಮೇಲೇರುತ್ತದೆ. ಡೆಂಗಿಯಲ್ಲೂ ಹಾಗೆಯೇ. ಜ್ವರ ಬಿಟ್ಟು ಒಂದೆರಡು ತಿಂಗಳಾದರೂ ಏರದ, ಅಥವಾ ಜ್ವರವೇ ಇಲ್ಲದೆ ಇಳಿದಿರುವ ಪ್ಲೇಟ್‌ಲೆಟ್‌ಗೆ ಬೇರೆ ಕಾರಣ ಹುಡುಕಬೇಕು. ಕೀಮೋಥೆರಪಿ ನಡೆಯುತ್ತಿರುವಾಗ ಪ್ರತಿ ಸುತ್ತಿನ ಎರಡನೆಯ ವಾರದಲ್ಲಿ ಕಣಗಳು ಇಳಿಯುವುದು ಸಹಜ. ಅದಕ್ಕೂ ಇಲ್ಲಿ ಹೇಳುತ್ತಿರುವ ರೋಗಕ್ಕೂ ಸಂಬಂಧವಿಲ್ಲ.

ಮುಂದಿನ ದಾರಿ

ಬಿ12 ಸರಿಯಿದ್ದೂ ಕಣಗಳು ಇಳಿದೇ ಇದ್ದರೆ ರೋಗಿಯನ್ನು ಶಿವಮೊಗ್ಗ, ಮಣಿಪಾಲ ಅಥವಾ ಬೆಂಗಳೂರಿನ ರಕ್ತರೋಗ ತಜ್ಞರ ಬಳಿಗೆ ಕಳುಹಿಸಬೇಕು. ಅಲ್ಲಿ ಸೊಂಟದ ಮೂಳೆಯ ಹಿಂಭಾಗದಿಂದ, ಆ ಜಾಗವನ್ನು ಮಾತ್ರ ಮರಗಟ್ಟಿಸಿ, ಸೂಜಿಯ ಮೂಲಕ ಮಜ್ಜೆಯ ಮಾದರಿ ತೆಗೆಯುತ್ತಾರೆ. ಅದನ್ನು ಮೂರು ರೀತಿಯಲ್ಲಿ ನೋಡಬೇಕು. ಕೋಶಗಳ ಆಕಾರ ವಿಕೃತವಾಗಿದೆಯೇ, ಬ್ಲಾಸ್ಟ್ ಎಂಬ ಎಳೆಯ ಕೋಶಗಳು ಶೇ. ಎಷ್ಟಿವೆ, ವರ್ಣತಂತುಗಳು ಸರಿಯಿವೆಯೇ. ಬ್ಲಾಸ್ಟ್ ಶೇ. 20 ಮುಟ್ಟಿದರೆ ಲ್ಯುಕೇಮಿಯಾ, ಅದಕ್ಕಿಂತ ಕಡಿಮೆಯಾದರೆ ಎಂಡಿಎಸ್ ಎಂಬುದು ಸ್ಥೂಲ ಗಡಿ. ಹಳೆಯ ಕ್ಯಾನ್ಸರ್ ಮಜ್ಜೆಗೆ ಹರಡಿದೆಯೇ ಎಂಬುದೂ ಇದೇ ಪರೀಕ್ಷೆಯಿಂದ ತಿಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಬ್ಲಾಸ್ಟ್ ಶೇ. 8 ಇದ್ದು, 7ನೇ ವರ್ಣತಂತುಗಳಲ್ಲಿ ಒಂದು ಇಲ್ಲವೆಂದು ಬಂದರೆ ಅದು ಚಿಕಿತ್ಸೆಯಿಂದುಂಟಾದ ಎಂಡಿಎಸ್ ಎಂದು ನಿಶ್ಚಯವಾಗುತ್ತದೆ.

ಇದನ್ನು ಬುಡಸಹಿತ ಗುಣಪಡಿಸಬಲ್ಲದ್ದು ಇನ್ನೊಬ್ಬರಿಂದ ಪಡೆದ ಮಜ್ಜೆಯ ಕಸಿ ಮಾತ್ರ. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರ ಮಜ್ಜೆಯೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅರ್ಧ ಹೊಂದುವ ಮಕ್ಕಳು ಅಥವಾ ಒಡಹುಟ್ಟಿದವರಿಂದಲೂ ಈಗ ಕಸಿ ಮಾಡಲಾಗುತ್ತಿದೆ. ಕಸಿಗೆ ಮೊದಲು ರೋಗವನ್ನು ಹತೋಟಿಯಲ್ಲಿಡಲು, ಅಥವಾ ಕಸಿ ಸಾಧ್ಯವಿಲ್ಲದವರಿಗೆ, ಅಜಾಸಿಟಿಡಿನ್ ಚುಚ್ಚುಮದ್ದನ್ನು 28 ದಿನಗಳಿಗೊಮ್ಮೆ ಏಳು ದಿನಗಳ ಕಾಲ ಕೊಡುವುದು ರೂಢಿ. ಇದರ ಗುಣ ಕಾಣಲು ನಾಲ್ಕಾರು ಸುತ್ತು ಬೇಕಾಗುತ್ತದೆ. ವರ್ಣತಂತುಗಳಲ್ಲಿ ಅನೇಕ ದೋಷಗಳಿದ್ದರೆ ಅಥವಾ ಟಿಪಿ53 ಕೆಟ್ಟಿದ್ದರೆ ಫಲಿತಾಂಶ ಕಳಪೆ ಎಂಬುದನ್ನು ಮುಚ್ಚಿಡುವಂತಿಲ್ಲ. ಸಾಮಾನ್ಯ ಎಂಡಿಎಸ್‌ಗಿಂತ ಈ ಬಗೆಯದು ಕಠಿಣ. ಆದ್ದರಿಂದಲೇ ರೋಗಿ ಇನ್ನೂ ಗಟ್ಟಿಯಾಗಿರುವಾಗ, ಬ್ಲಾಸ್ಟ್ ಕಡಿಮೆ ಇರುವಾಗ ಕಸಿಯ ಮಾತುಕತೆ ಆರಂಭವಾಗಬೇಕು.

ಇಲ್ಲಿ ಊರಿನವರು ತಿಳಿಯಬೇಕಾದ ಎರಡು ಸಂಗತಿಗಳಿವೆ. ರಕ್ತ ಕೊಡಿಸಬೇಕಾಗಿ ಬಂದಾಗ ಅಣ್ಣ, ತಂಗಿ, ಮಗ ಎಂದು ಮನೆಯವರೇ ರಕ್ತ ಕೊಡಲು ಮುಂದಾಗುತ್ತಾರೆ. ಮುಂದೆ ಕಸಿಗೆ ದಾನಿಯಾಗಬಹುದಾದ ಸಂಬಂಧಿಕರ ರಕ್ತವನ್ನು ರೋಗಿಗೆ ನೇರವಾಗಿ ಕೊಡಬಾರದು. ರೋಗಿಯ ದೇಹ ಆ ಕೋಶಗಳನ್ನು ಗುರುತಿಟ್ಟುಕೊಂಡು ಕಸಿಯನ್ನು ತಿರಸ್ಕರಿಸುವ ಅಪಾಯವಿದೆ. ಸಂಬಂಧಿಕರು ರಕ್ತನಿಧಿಗೆ ಕೊಟ್ಟು ಬೇರೆಯವರ ರಕ್ತ ಪಡೆಯಬಹುದು. ಎರಡನೆಯದು, ಬಿಳಿ ಕಣ ಕಡಿಮೆ ಇರುವ ಇಂತಹ ರೋಗಿಗೆ ಚಳಿ ಜ್ವರ ಬಂದರೆ ಮನೆಯಲ್ಲಿ ಜ್ವರದ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿ.ಮೀ.; ಸೊರಬದ ಹಳ್ಳಿಗಳಿಂದ ಇನ್ನೂ ದೂರ. ಜ್ವರ ಬಂದ ಗಂಟೆಗಳಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ಪ್ರತಿಜೀವಕ ಔಷಧ ರಕ್ತನಾಳಕ್ಕೆ ಸೇರಬೇಕು, ಆನಂತರ ದೊಡ್ಡ ಆಸ್ಪತ್ರೆಗೆ ಹೊರಡಬೇಕು.

ಕಾಗದವೇ ಸಾಕ್ಷಿ

ಕ್ಯಾನ್ಸರ್ ಗುಣವಾದವರೆಲ್ಲರೂ ತೊಂದರೆಯಿಲ್ಲದಿದ್ದರೂ ತಿಂಗಳಿಗೊಮ್ಮೆ ರಕ್ತ ಪರೀಕ್ಷಿಸಿಕೊಳ್ಳುವ ಅಗತ್ಯವಿಲ್ಲ. ಅದರಿಂದ ಆಯುಸ್ಸು ಹೆಚ್ಚುತ್ತದೆಂಬ ಪುರಾವೆಯೂ ಇಲ್ಲ. ಆದರೆ ಕಾರಣವಿಲ್ಲದ ಸುಸ್ತು, ಚರ್ಮದ ಮೇಲೆ ಕೆಂಪು ಚುಕ್ಕೆ, ವಸಡಿನಲ್ಲಿ ರಕ್ತ, ಮರುಕಳಿಸುವ ಸೋಂಕು ಇವುಗಳಲ್ಲಿ ಒಂದು ಕಂಡರೂ ರಕ್ತ ಪರೀಕ್ಷೆ ಮಾಡಿಸಿ, ಹಿಂದೆ ಕ್ಯಾನ್ಸರ್ ಚಿಕಿತ್ಸೆಯಾಗಿತ್ತು ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಗರ್ಭಕೊರಳಿನ ಕ್ಯಾನ್ಸರ್‌ಗೆ ಸೊಂಟದ ಭಾಗಕ್ಕೆ ವಿಕಿರಣ ಪಡೆದವರೂ ಹೇಳಬೇಕು. ಅಲ್ಲಿನ ಮೂಳೆಗಳಲ್ಲಿ ಮಜ್ಜೆ ಹೆಚ್ಚು.

ಆರು ವರ್ಷದ ಹಿಂದೆ ಕೊಟ್ಟ ಔಷಧದ ಹೆಸರು ಯಾರಿಗೂ ನೆನಪಿರುವುದಿಲ್ಲ. ಬಿಡುಗಡೆ ಪತ್ರ, ಪ್ರತಿ ಸುತ್ತಿನ ಔಷಧ ಮತ್ತು ಪ್ರಮಾಣ, ವಿಕಿರಣ ಪಡೆದ ಭಾಗ, ಚಿಕಿತ್ಸೆ ಮುಗಿದಾಗಿನ ರಕ್ತದ ವರದಿ ಇವಿಷ್ಟು ಮನೆಯಲ್ಲಿರಬೇಕು. ಮಲೆನಾಡಿನ ಮಳೆಗಾಲದ ತೇವಕ್ಕೆ ಕಾಗದ ಬೂಷ್ಟು ಹಿಡಿಯುವುದರಿಂದ ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ಕ್ಷೇಮ. ಆಗ 2.4 ಲಕ್ಷವಿದ್ದ ಪ್ಲೇಟ್‌ಲೆಟ್ ಈಗ 88,000 ಆಗಿದೆ ಎಂಬುದನ್ನು ಆ ಹಳೆಯ ಚೀಟಿ ತೋರಿಸಿದರೆ, ತಾಲೂಕಿನ ವೈದ್ಯರು ಮೂರನೆಯ ತಿಂಗಳಿಗೂ ಕಬ್ಬಿಣದ ಮಾತ್ರೆ ಬರೆಯುವ ಬದಲು ಅಂದೇ ತಜ್ಞರಿಗೆ ಪತ್ರ ಬರೆಯುತ್ತಾರೆ.