ಗಂಟೆಯ ಮಾತಿಗೆ ಅರ್ಧ ಪುಟದ ನಡಾವಳಿ

ಪ್ರಶ್ನೆ: ಸಭೆಯ ರೆಕಾರ್ಡಿಂಗ್ ಬರಹಕ್ಕಿಳಿಸಿದರೆ 20 ಪುಟ. ಅದನ್ನು ಅರ್ಧ ಪುಟಕ್ಕೆ ತರುವುದು ಹೇಗೆ?

ಮೊರದಲ್ಲಿ ಅಕ್ಕಿ ಕೇರಿದಂತೆ ಕೇರಬೇಕು. ‘ಮಾಡ್ತೀನಿ’, ‘ಕಳಿಸ್ತೀನಿ’, ‘ಅದು ಬೇಡ’ ಎಂಬ ಸಾಲುಗಳು ಕಾಳು. ಉಳಿದದ್ದು ಬಹುಪಾಲು ಹೊಟ್ಟು. ಆದರೆ ಮೊದಲು ಸಿಕ್ಕ ಸಾಲನ್ನೇ ನಂಬಬೇಡಿ. ಉದಾಹರಣೆಗೆ, ಲಾಗಿನ್ ಪುಟದ ಪರೀಕ್ಷೆಯನ್ನು ‘ಶುಕ್ರವಾರ ಮುಗಿಸ್ತೀನಿ’ ಎಂದ ರಮ್ಯಾ ಹತ್ತು ನಿಮಿಷ ಬಿಟ್ಟು ‘ಸರ್ವರ್ ಬಂದಿಲ್ಲ, ಸೋಮವಾರ ಕೊಡ್ತೀನಿ’ ಎಂದಿರುತ್ತಾರೆ. ಲೆಕ್ಕಕ್ಕೆ ಬರುವುದು ಕೊನೆಯ ಮಾತು. ಹಾಗಾಗಿ ಒಂದೇ ವಿಷಯದ ಚದುರಿದ ಸಾಲುಗಳನ್ನು ಒಟ್ಟಿಗಿಟ್ಟು ಹೀಗೆ ಬರೆಯಿರಿ: ‘ಲಾಗಿನ್ ಪುಟದ ಪರೀಕ್ಷೆ: ರಮ್ಯಾ, ಸೋಮವಾರ, ಅದಕ್ಕೆ ಮೊದಲು ಸರ್ವರ್ ಬೇಕು.’ ‘ಯಾರಾದ್ರೂ ನೋಡೋಣ’ ಎಂದಿದ್ದರೆ ಹೆಸರು ಊಹಿಸಬೇಡಿ. ‘ಹೊಣೆ ಬಾಕಿ’ ಎಂದು ಬರೆದು ತಂಡವನ್ನೇ ಕೇಳಿ. ‘ಆಗುತ್ತೆ’, ‘ಆಗಲ್ಲ’, ದಿನಾಂಕ, ಇವನ್ನು ರೆಕಾರ್ಡಿಂಗ್‌ನಲ್ಲಿ ಇನ್ನೊಮ್ಮೆ ಕೇಳಿಸಿಕೊಳ್ಳಿ. ಬರಹ ಎಡವುವುದು ಹೆಚ್ಚಾಗಿ ಅಲ್ಲೇ.