ಬೆಂಚಿನ ಕಾಲು ಹಿಡಿದುಕೊಳ್ಳುವ ಪಾಠ

ಭೂಕಂಪವಾದಾಗ ತರಗತಿಯ ಮಕ್ಕಳು ಮೊದಲು ಮಂಡಿಯೂರಿ ನೆಲಕ್ಕೆ ಕೂರಬೇಕು. ನಿಂತೇ ಇದ್ದರೆ ನೆಲದ ಅಲುಗಾಟವೇ ಕೆಡವಿಹಾಕುತ್ತದೆ. ಬಳಿಕ ಗಟ್ಟಿಯಾದ ಡೆಸ್ಕಿನ ಕೆಳಗೆ ತೂರಿ, ಒಂದು ಕೈಯಿಂದ ತಲೆ ಮತ್ತು ಕುತ್ತಿಗೆಯನ್ನು ಮುಚ್ಚಿಕೊಂಡು, ಇನ್ನೊಂದರಿಂದ ಡೆಸ್ಕಿನ ಕಾಲನ್ನು ಹಿಡಿಯಬೇಕು. ಮಕ್ಕಳು ಮರೆಯುವುದು ಈ ಕೊನೆಯ ಹೆಜ್ಜೆಯನ್ನೇ. ನೆಲ ಅಲುಗಿದಾಗ ಡೆಸ್ಕೂ ಸರಿಯುತ್ತದೆ. ಕಾಲು ಹಿಡಿದವರು ಅದರೊಂದಿಗೇ ಸರಿಯುತ್ತಾರೆ, ಹಿಡಿಯದವರ ತಲೆಯ ಮೇಲಿನ ಆಸರೆ ತಪ್ಪುತ್ತದೆ. ಡೆಸ್ಕಿಲ್ಲದಿದ್ದರೆ ಕಿಟಕಿಗಾಜು, ಬೀರುಗಳಿಂದ ದೂರ, ಒಳಗೋಡೆಯ ಪಕ್ಕ ಮುದುಡಿಕೊಂಡು ಎರಡೂ ಕೈಗಳಿಂದ ತಲೆ ಮುಚ್ಚಿಕೊಳ್ಳಬೇಕು.

ಹೊರಗೆ ಓಡಬೇಕೆನಿಸುವುದು ಸಹಜ. ಆದರೆ ಕಟ್ಟಡದ ಅಂಚು, ಮೆಟ್ಟಿಲು, ಬಾಗಿಲುಗಳ ಬಳಿಯೇ ಇಟ್ಟಿಗೆ, ಗಾಜು ಉದುರುತ್ತವೆ. 2001ರ ಜನವರಿ 26ರಂದು ಗುಜರಾತಿನ ಅಂಜಾರ್‌ನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕಿರಿದಾದ ಬೀದಿಯಲ್ಲಿ ಸಾಗುತ್ತಿದ್ದ ಶಾಲಾ ಮಕ್ಕಳ ಮೇಲೆ ಇಕ್ಕೆಲದ ಕಟ್ಟಡಗಳು ಕುಸಿದವು. ಹೊರಗಿದ್ದವರಿಗೆ ಬಯಲೇ ಆಸರೆ, ಗೋಡೆಗಳ ನಡುವಿನ ಓಣಿಯಲ್ಲ. ಡೆಸ್ಕು ಉದುರುವ ವಸ್ತುಗಳಿಂದ ಕಾಪಾಡೀತು. ಇಡೀ ಕಟ್ಟಡವೇ ಕುಸಿದರೆ ಅದೊಂದೇ ಸಾಲದು. ಆದ್ದರಿಂದ ಶಾಲೆಯ ಕಟ್ಟಡ ಗಟ್ಟಿಯಾಗಿರಲೇಬೇಕು.

ಕಂಪನ ನಿಂತ ಮೇಲೆ ನಿಧಾನವಾಗಿ ಉಸಿರಾಡಿ, ಶಿಕ್ಷಕರ ಮಾತಿಗೆ ಕಾಯಬೇಕು. ಚೀಲ ಬಿಟ್ಟು, ತಳ್ಳಾಡದೆ ಸಾಲಾಗಿ ಮೈದಾನಕ್ಕೆ ನಡೆಯಬೇಕು, ಲಿಫ್ಟ್ ಬಳಸಬಾರದು. ಅಲ್ಲಿ ಹಾಜರಿ ಕೂಗಿದರೆ ಯಾರು ಒಳಗುಳಿದಿದ್ದಾರೆಂದು ತಿಳಿಯುತ್ತದೆ. ಮರುಕಂಪನ ಗಂಟೆಗಳ ನಂತರವೂ ಬರಬಹುದು. ಆಗಲೂ ಹಾಗೆಯೇ ಕೂತು ತಲೆ ಮುಚ್ಚಿಕೊಳ್ಳಬೇಕು; ಬಿಟ್ಟುಬಂದ ಪುಸ್ತಕಕ್ಕೆಂದು ಯಾರೂ ಒಳಗೆ ಮರಳಬಾರದು.