ಭೇಟಿಯ ಮರುದಿನ ಬರೆಯುವ ಪತ್ರ



ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಧನ್ಯವಾದ ಹೇಳುವ ರೂಢಿ ಕಡಿಮೆ. ಊಟ ಬಡಿಸಿದ ಚಿಕ್ಕಮ್ಮನಿಗೆ ಧನ್ಯವಾದ ಎಂದರೆ, "ಇದೇನು, ನನ್ನನ್ನು ಹೊರಗಿನವಳನ್ನಾಗಿ ಮಾಡಿದೆಯಾ?" ಎಂದು ಆಕೆಯೇ ಬೇಸರಪಟ್ಟುಕೊಂಡಾಳು. ಈ ಅಭ್ಯಾಸದ ಫಲವೋ ಏನೋ, ಉದ್ಯೋಗದ ವಿಚಾರ ತಿಳಿಯಲು ಒಬ್ಬ ಮ್ಯಾನೇಜರನ್ನು ಕಂಡುಬಂದ ಮೇಲೆ ಅವರಿಗೆ ನಾಲ್ಕು ಸಾಲು ಬರೆಯಬೇಕೆಂದರೆ ನಿಮಗೆ ಮುಜುಗರವಾಗುತ್ತದೆ. ಬೆಣ್ಣೆ ಹಚ್ಚಿದಂತೆ ಕಂಡೀತೇ ಎಂಬ ಅಳುಕು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಇಬ್ಬರು ಮನೋವಿಜ್ಞಾನಿಗಳು ಅಮೆರಿಕದಲ್ಲಿ ಈ ಅಳುಕನ್ನೇ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಆಗುವ ಮುಜುಗರವನ್ನು ಇದ್ದುದಕ್ಕಿಂತ ಹೆಚ್ಚಾಗಿಯೂ ಅವರಿಗೆ ಆಗುವ ಸಂತೋಷವನ್ನು ಇದ್ದುದಕ್ಕಿಂತ ಕಡಿಮೆಯಾಗಿಯೂ ಅಂದಾಜು ಮಾಡಿದ್ದರು.

ಅಂಥ ಒಂದು ಪತ್ರವನ್ನು ಹೇಗೆ ಬರೆಯಬಹುದೆಂದು ನೋಡೋಣ. ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ರಸಾಯನಶಾಸ್ತ್ರ ಓದುತ್ತಿರುವ ಒಬ್ಬ ವಿದ್ಯಾರ್ಥಿನಿ. ತಂದೆಗೆ ಕೆಲಸವಿಲ್ಲ, ಮುಂದಕ್ಕೆ ಎಂ.ಎಸ್ಸಿ. ಓದಿಸುವ ಶಕ್ತಿ ಮನೆಯಲ್ಲಿಲ್ಲ. ಅವಳ ಕಾಲೇಜಿನಲ್ಲೇ ಓದಿದ ಹಿರಿಯನೊಬ್ಬ ಒಂದು ಔಷಧ ಕಾರ್ಖಾನೆಯಲ್ಲಿದ್ದಾನೆ. ಅವನ ಮಾತಿನ ಮೇಲೆ ಅಲ್ಲಿಯ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯದ ಮ್ಯಾನೇಜರು ಫೆಬ್ರವರಿಯ ಒಂದು ಮಂಗಳವಾರ ಕ್ಯಾಂಟೀನಿನಲ್ಲಿ ಇಪ್ಪತ್ತು ನಿಮಿಷ ಮಾತನಾಡಿದರು. ಅದು ಸಂದರ್ಶನವಲ್ಲ, ಬರಿಯ ಮಾತುಕತೆ.

ಮ್ಯಾನೇಜರು ಹೇಳಿದ್ದರಲ್ಲಿ ಎರಡು ಸಂಗತಿ ಮುಖ್ಯ. "ಜೂನ್ ಹೊತ್ತಿಗೆ ಎರಡನೇ ಪಾಳಿ ಶುರುವಾದರೆ ಒಬ್ಬಿಬ್ಬರು ಬೇಕಾಗಬಹುದು ನೋಡಮ್ಮ" ಎಂದದ್ದು ಒಂದು. ಇನ್ನೊಂದು, "ಯಂತ್ರ ನಡೆಸುವುದನ್ನು ನಾವು ಕಲಿಸುತ್ತೇವೆ. ಬರುವ ಹುಡುಗರಿಗೆ ದಾಖಲೆ ಬರೆಯಲು ಬರುವುದಿಲ್ಲ, ಅದೇ ನಮಗೆ ತಲೆನೋವು" ಎಂದದ್ದು. ಔಷಧ ಪರೀಕ್ಷೆಯ ಪುಸ್ತಕದಲ್ಲಿ ಒಂದು ಅಂಕಿ ತಪ್ಪಾದರೆ ಅದರ ಮೇಲೆ ಬಿಳಿ ಬಣ್ಣ ಬಳಿಯುವಂತಿಲ್ಲ, ಗೀಚಿ ಅಳಿಸುವಂತಿಲ್ಲ. ಹಳೆಯ ಅಂಕಿ ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕಬೇಕು. ಮುಂದೆ ತನಿಖೆಗೆ ಬಂದವರಿಗೆ ಏನು ತಪ್ಪಾಗಿತ್ತು, ಯಾರು ಯಾವಾಗ ತಿದ್ದಿದರು ಎಂಬುದು ಕಾಣಬೇಕು.

ಬುಧವಾರ ಅವಳು ಬರೆದ ಪತ್ರ ಇದು. ಮಿಂಚಂಚೆಯಲ್ಲಿ ಹೋದದ್ದು. ವಿಷಯದ ಸಾಲಿನಲ್ಲಿ 'ಮಂಗಳವಾರದ ಭೇಟಿಗೆ ಧನ್ಯವಾದ' ಎಂದು ಬರೆದು, ಅದರ ಮುಂದೆ ತನ್ನ ಹೆಸರನ್ನೂ 'ಬಿ.ಎಸ್ಸಿ. ರಸಾಯನಶಾಸ್ತ್ರ' ಎಂದೂ ಸೇರಿಸಿದ್ದಳು.

"ಮಾನ್ಯರೇ, ಮಂಗಳವಾರ ಬಿಡುವು ಮಾಡಿಕೊಂಡು ನನ್ನೊಡನೆ ಮಾತನಾಡಿದ್ದಕ್ಕೆ ಧನ್ಯವಾದಗಳು. ದಾಖಲೆ ಬರೆಯುವ ಬಗ್ಗೆ ತಾವು ಹೇಳಿದ್ದು ನನಗೆ ಹೊಸದು. ನಮ್ಮ ಕಾಲೇಜಿನ ಪ್ರಯೋಗ ಪುಸ್ತಕದಲ್ಲಿ ನಾನು ಈವರೆಗೆ ತಪ್ಪುಗಳನ್ನು ಅಳಿಸಿಯೇ ಬರೆಯುತ್ತಿದ್ದೆ. ಇಂದಿನ ಟೈಟ್ರೇಷನ್ ಪ್ರಯೋಗದಿಂದ ತಾವು ತಿಳಿಸಿದ ಕ್ರಮದಲ್ಲೇ ತಿದ್ದಲು ಆರಂಭಿಸಿದ್ದೇನೆ. ಜೂನ್ ಹೊತ್ತಿಗೆ ಪ್ರಯೋಗಾಲಯದಲ್ಲಿ ಅವಕಾಶ ಬರುವ ಸಾಧ್ಯತೆ ಇದೆಯೆಂದು ಹೇಳಿದಿರಿ. ಹಾಗೆ ಪ್ರಕಟಣೆ ಬಂದರೆ ಅರ್ಜಿ ಸಲ್ಲಿಸಲು ನನಗೆ ಆಸಕ್ತಿ ಇದೆ. ನನ್ನ ಪರೀಕ್ಷೆಗಳು ಮೇ ತಿಂಗಳಲ್ಲಿ ಮುಗಿಯುತ್ತವೆ. ವಂದನೆಗಳೊಂದಿಗೆ," ಕೆಳಗೆ ಹೆಸರು, ಕಾಲೇಜು, ದೂರವಾಣಿ ಸಂಖ್ಯೆ.

ಅಷ್ಟೇ. ಒಂದು ನಿಮಿಷದಲ್ಲಿ ಓದಿ ಮುಗಿಯುತ್ತದೆ. ಇದರಲ್ಲಿ ಜೀವವಿರುವುದು ಟೈಟ್ರೇಷನ್ನಿನ ಸಾಲಿನಲ್ಲಿ. "ತಮ್ಮ ಅಮೂಲ್ಯ ಸಲಹೆಗಳು ನನಗೆ ದಾರಿದೀಪ" ಎಂದು ಬರೆದಿದ್ದರೆ ಆ ಪತ್ರವನ್ನು ಯಾರಿಗೆ ಬೇಕಾದರೂ ಕಳುಹಿಸಬಹುದಿತ್ತು. ಓದುವವರಿಗೂ ಅದು ಗೊತ್ತಾಗುತ್ತದೆ. ನೀವು ಬರೆದ ಪತ್ರವನ್ನು ಹೆಸರು ಬದಲಿಸಿ ಇನ್ನೊಬ್ಬರಿಗೆ ಕಳುಹಿಸಲು ಸಾಧ್ಯವೇ ಎಂದು ನೋಡಿಕೊಳ್ಳಿ. ಸಾಧ್ಯವೆಂದಾದರೆ ಅದಿನ್ನೂ ಸಿದ್ಧವಾಗಿಲ್ಲ. ಹಾಗೆಂದು ಇಲ್ಲದ್ದನ್ನು ಹೇಳಬೇಡಿ. ಪ್ರಯೋಗ ಪುಸ್ತಕ ತಿದ್ದದೆ ತಿದ್ದಿದೆನೆಂದು ಬರೆದರೆ, "ತಂದು ತೋರಿಸಮ್ಮ" ಎಂದಾಗ ಕಷ್ಟ.

ಇನ್ನು ಜೂನ್ ತಿಂಗಳ ಮಾತು. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ಮ್ಯಾನೇಜರು ಹೇಳಿದ್ದು "ಬೇಕಾಗಬಹುದು" ಎಂದು. "ತಾವು ಭರವಸೆ ಕೊಟ್ಟಂತೆ" ಎಂದು ನೀವು ಬರೆದರೆ ಅವರಿಗೆ ಇಕ್ಕಟ್ಟು. ಹುದ್ದೆಗೆ ಮಂಜೂರಾತಿ ಬರಬೇಕು, ಸಿಬ್ಬಂದಿ ವಿಭಾಗ ಒಪ್ಪಬೇಕು, ಬೇರೆಯವರ ಅರ್ಜಿಗಳನ್ನೂ ನೋಡಬೇಕು. ಒಬ್ಬರ ಕೈಯಲ್ಲಿ ಎಲ್ಲವೂ ಇರುವುದಿಲ್ಲ. ಈ ಪತ್ರವನ್ನು ಅವರು ಹಾಗೆಯೇ ಸಿಬ್ಬಂದಿ ವಿಭಾಗಕ್ಕೆ ಕಳುಹಿಸಬಲ್ಲರೇ ಎಂದು ಕೇಳಿಕೊಂಡರೆ ಸಾಕು. ಅವರನ್ನು ಕಟ್ಟಿಹಾಕುವ ಪದ ಯಾವುದೆಂದು ತಾನಾಗಿ ಕಣ್ಣಿಗೆ ಬೀಳುತ್ತದೆ. ಕೇಳದೆ ಸ್ವವಿವರ ಪತ್ರ ಲಗತ್ತಿಸುವುದೂ ಅಷ್ಟೇ, ಧನ್ಯವಾದವನ್ನು ಅರ್ಜಿಯನ್ನಾಗಿ ಮಾಡಿಬಿಡುತ್ತದೆ. ಅವರೇ ಕೇಳಿದ್ದರೆ ಮಾತು ಬೇರೆ.

ವಾಟ್ಸ್ಆ್ಯಪ್ ಸಾಲದೇ ಎಂದು ನೀವು ಕೇಳಬಹುದು. ಭೇಟಿ ಗೊತ್ತಾದದ್ದೇ ಅದರ ಮೂಲಕವಾಗಿದ್ದರೆ ಅಲ್ಲೂ ಬರೆಯಬಹುದು, ತಪ್ಪಲ್ಲ. ಆದರೆ ನಾಲ್ಕು ತಿಂಗಳ ನಂತರ "ಯಾರೋ ಹುಡುಗಿ ಬಂದಿದ್ದಳಲ್ಲ, ರಸಾಯನಶಾಸ್ತ್ರದವಳು" ಎಂದು ಅವರು ಹುಡುಕಲು ಹೊರಟಾಗ ಮದುವೆ ಫೋಟೋಗಳ ನಡುವೆ ಅದು ಸಿಗುವುದು ಕಷ್ಟ. ಮಿಂಚಂಚೆಯಲ್ಲಿ ವಿಷಯದ ಸಾಲಿನ ಎರಡು ಪದ ಹೊಡೆದರೆ ಸಿಗುತ್ತದೆ. ಹೆಸರು ಮತ್ತು ಓದನ್ನು ಅಲ್ಲೇ ಹಾಕಿದ್ದು ಅದಕ್ಕಾಗಿ. ಭಾಷೆಯ ಬಗ್ಗೆ ಒಂದು ಮಾತು: ಅವರೊಡನೆ ಕನ್ನಡದಲ್ಲಿ ಮಾತನಾಡಿದ್ದರೆ ಕನ್ನಡದಲ್ಲೇ ಬರೆಯಿರಿ. ಮೇಲಧಿಕಾರಿಗಳು ಹೊರರಾಜ್ಯದವರೆಂದು ತಿಳಿದಿದ್ದರೆ ಸರಳ ಇಂಗ್ಲಿಷ್ ಅನುಕೂಲ. ಯಾವ ಭಾಷೆಯಾದರೂ ಅವರ ಹೆಸರಿನ ಅಕ್ಷರಗಳನ್ನು ಎರಡು ಸಲ ನೋಡಿ.

ಉತ್ತರ ಬಾರದಿದ್ದರೆ? ಬಾರದಿರುವುದೇ ಹೆಚ್ಚು. ಧನ್ಯವಾದಕ್ಕೆ ಉತ್ತರ ಕೊಡಲೇಬೇಕೆಂಬ ನಿಯಮವಿಲ್ಲ, ಅದನ್ನು ನಿರಾಕರಣೆ ಎಂದುಕೊಳ್ಳಬೇಡಿ. ವಾರಕ್ಕೊಮ್ಮೆ ನೆನಪಿಸಲೂ ಹೋಗಬೇಡಿ. ನಮ್ಮ ವಿದ್ಯಾರ್ಥಿನಿ ಎರಡನೇ ಸಲ ಬರೆದದ್ದು ಮೇ ಕೊನೆಯಲ್ಲಿ, ಪರೀಕ್ಷೆ ಮುಗಿದ ಮೇಲೆ, ಮೊದಲ ಪತ್ರದ ಕೆಳಗೇ. ಫೆಬ್ರವರಿಯಿಂದ ಮಾಡಿದ ಪ್ರಯೋಗಗಳನ್ನು ಆ ಕ್ರಮದಲ್ಲಿ ದಾಖಲಿಸಿದ್ದೇನೆ, ಜೂನ್ ಪ್ರಕಟಣೆ ಹೊರಡುವುದಿದೆಯೇ ಎಂದು ಮೂರೇ ಸಾಲು. ಈಗ ಕೇಳಲು ಅವಳಿಗೆ ಕಾರಣವೂ ಇತ್ತು, ತೋರಿಸಲು ಪುಸ್ತಕವೂ ಇತ್ತು. ಎರಡನೇ ಪಾಳಿಯೇ ಮುಂದಕ್ಕೆ ಹೋಗಿದ್ದರೆ ಯಾವ ಪತ್ರವೂ ಕೆಲಸ ಹುಟ್ಟಿಸಲಾರದು.

ಸರ್ಕಾರಿ ಹುದ್ದೆಗಳ ವಿಚಾರ ಬೇರೆ. ಕರ್ನಾಟಕ ಲೋಕಸೇವಾ ಆಯೋಗದ ನೇಮಕಾತಿ ಅಧಿಸೂಚನೆ ಹೊರಡಿಸಿ ನಡೆಯುವಂಥದ್ದು. ಅಲ್ಲಿಯ ಅಧಿಕಾರಿಯೊಬ್ಬರು ಕೆಲಸದ ಸ್ವರೂಪ ವಿವರಿಸಿದ್ದರೆ ಅದಕ್ಕೆ ಧನ್ಯವಾದ ಹೇಳಿ, ಹುದ್ದೆಯ ಮಾತು ಎತ್ತಬೇಡಿ.

ಹಿರಿಯ ವಿದ್ಯಾರ್ಥಿಯನ್ನು ಮರೆಯುವವರೇ ಹೆಚ್ಚು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪರಿಚಯಸ್ಥರ ಮೂಲಕ ಕೆಲಸ ಕಂಡುಕೊಂಡವರ ಒಂದು ಸಣ್ಣ ಗುಂಪಿನ ಲೆಕ್ಕವಿದೆ. ಆ ಪರಿಚಯಸ್ಥರನ್ನು ಪದೇ ಪದೇ ಕಾಣುತ್ತಿದ್ದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರದು ಆಗೊಮ್ಮೆ ಈಗೊಮ್ಮೆಯ ಅಥವಾ ಅಪರೂಪದ ಭೇಟಿ. ಇಂಥ ದೂರದ ಪರಿಚಯದ ಹಿರಿಯನೇ ಅವಳಿಗಾಗಿ ತನ್ನ ಹೆಸರು ಹೇಳಿದ್ದ. ಬುಧವಾರ ಸಂಜೆಯೇ ಅವಳು ಅವನಿಗೂ ಬರೆದಳು: "ಅಣ್ಣಾ, ನಿನ್ನೆ ಸಾರ್ ಸಿಕ್ಕಿದ್ದರು, ಇಪ್ಪತ್ತು ನಿಮಿಷ ಮಾತನಾಡಿದರು. ಇವತ್ತು ಅವರಿಗೆ ಪತ್ರ ಕಳಿಸಿದ್ದೇನೆ. ಸಾರ್ ನಿಮ್ಮನ್ನು ಕೇಳಿದರೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ."